ನೀರಿನ ನಕ್ಷೆಗೆ ಮೊದಲು ಮಾಹಿತಿ ಹಾಳೆ

ಕುಡಿಯುವ ನೀರಿನ ಮೂಲಗಳನ್ನು ಸ್ವಯಂಸೇವಕರಿಂದ ನಕ್ಷೆಗೆ ಇಳಿಸುವ ಪ್ರಸ್ತಾವವನ್ನು ಗ್ರಾಮ ಪಂಚಾಯಿತಿಗೆ ಕೊಡುವಾಗ, ಎಲ್ಲರೂ ತುಂಬುವ ಮಾಹಿತಿ ಹಾಳೆಯ ಮಾದರಿಯನ್ನೂ ಲಗತ್ತಿಸುವುದು ಒಳ್ಳೆಯದು. ಒಂದು ಮೂಲಕ್ಕೆ ಒಂದೇ ಸಾಲು, ಒಂದೇ ಗುರುತಿನ ಸಂಖ್ಯೆ ಇರಲಿ. ಮೂಲದ ಬಗೆಯನ್ನು ಮೊದಲೇ ಗೊತ್ತುಪಡಿಸಿದ ಪದಗಳಿಂದ ಆರಿಸಬೇಕು. ಒಬ್ಬರು ‘ಬೋರ್‌ವೆಲ್’, ಇನ್ನೊಬ್ಬರು ‘ಕೊಳವೆಬಾವಿ’ ಎಂದು ಬರೆದರೆ ಎಣಿಕೆ ಕೆಡುತ್ತದೆ. ಮೊಬೈಲ್ ತೋರಿಸುವ ಸ್ಥಳ ಕೆಲವು ಮೀಟರ್ ಆಚೀಚೆ ಆಗಬಹುದಾದ್ದರಿಂದ, ‘ಶಾಲೆಯ ಹಿಂದೆ’ ಎಂಬಂಥ ಗುರುತೂ ಬೇಕು.

ನೀರಿನ ಸ್ಥಿತಿಗೆ ಎರಡು ಅಂಕಣಗಳಿರಲಿ: ಮಳೆಗಾಲದ ನಂತರ ಒಂದು, ಬೇಸಿಗೆಗೆ ಒಂದು. ಎರಡಕ್ಕೂ ನೋಡಿದ ದಿನಾಂಕ ಬೇಕು. ಅಕ್ಟೋಬರ್‌ನಲ್ಲಿ ಚೆನ್ನಾಗಿ ನೀರು ಕೊಟ್ಟ ಕೈಪಂಪು ಏಪ್ರಿಲ್‌ನಲ್ಲಿ ಬತ್ತಿರಬಹುದು.

ಪಾವಗಡದಂಥ ಕಡೆ ಫ್ಲೋರೈಡ್ ಅಂಕಣ ತೀರಾ ಮುಖ್ಯ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಟ್ಟ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಅವಕಾಶವಿದೆ. 1.8 ಬಂದ ಕೈಪಂಪು ಚಾಲೂ ಇದ್ದರೂ ‘ಕುಡಿಯಲು ಬೇಡ’ ಎಂದೇ ದಾಖಲಾಗಬೇಕು. ಪರೀಕ್ಷೆ ಆಗಿರದಿದ್ದರೆ ಸೊನ್ನೆ ಹಾಕಬಾರದು. ಹಾಗೆ ಹಾಕಿದರೆ ಅಪಾಯದ ನೀರು ಶುದ್ಧವೆಂದು ಕಾಣುತ್ತದೆ. ಅಲ್ಲಿ ‘ಪರೀಕ್ಷೆ ಆಗಿಲ್ಲ’ ಎಂದು ಬರೆಯಬೇಕು. ತುಂಬಿದ ಹಾಳೆಯನ್ನು ಊರಿನ ನೀರುಗಂಟಿ ಒಮ್ಮೆ ಪರಿಶೀಲಿಸಿದ ಮೇಲೆಯೇ ನಕ್ಷೆ ಗ್ರಾಮಸಭೆಯ ಮುಂದೆ ಬರಲಿ.