ಮಲಬದ್ಧತೆಗೆ ನೀರೊಂದೇ ಮದ್ದಲ್ಲ

ಮಲಬದ್ಧತೆಯೆಂದು ಹೇಳಿಕೊಂಡವರಿಗೆಲ್ಲ ದೊರೆಯುವ ಮೊದಲ ಸಲಹೆ ‘ನೀರು ಹೆಚ್ಚಾಗಿ ಕುಡಿಯಿರಿ’ ಎಂಬುದು. ಅದರಂತೆ ಬೆಳಿಗ್ಗೆ ಎದ್ದೊಡನೆ ತಂಬಿಗೆ ತುಂಬ ನೀರು ಕುಡಿದು, ಹಗಲೆಲ್ಲ ಮತ್ತೆ ಮತ್ತೆ ಕುಡಿದು, ಆದರೂ ಗುಣ ಕಾಣದವರು ಬಹಳ ಮಂದಿ. ಈ ತೊಂದರೆ ಗರ್ಭಿಣಿಯರಲ್ಲಿ ಹೆಚ್ಚು. ಕೆಲವರು ಇದಕ್ಕೆ ಕಬ್ಬಿಣಾಂಶದ ಮಾತ್ರೆಯೇ ಕಾರಣವೆಂದು ಬಗೆದು ಅದನ್ನು ನಿಲ್ಲಿಸಿಬಿಡುತ್ತಾರೆ. ಆಗ ಮಲಬದ್ಧತೆಯ ಜೊತೆಗೆ ರಕ್ತಹೀನತೆಯೂ ಸೇರುತ್ತದೆ. ಆದುದರಿಂದ ನೀರು ಹೊಟ್ಟೆಯಲ್ಲಿ ಮಾಡುವ ಕೆಲಸವೇನು, ಮಾಡಲಾರದ ಕೆಲಸವೇನು ಎಂಬುದನ್ನು ಪತಿಪತ್ನಿಯರಿಬ್ಬರೂ ತಿಳಿದಿರುವುದು ಒಳ್ಳೆಯದು.

ಪ್ರತಿದಿನವೂ ಮಲವಿಸರ್ಜನೆ ಆಗಲೇಬೇಕೆಂಬ ನಿಯಮವಿಲ್ಲ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆಯಾದರೆ, ಅಥವಾ ಮಲವು ಗಟ್ಟಿ ಉಂಡೆಗಳಂತಾಗಿ ತಿಣುಕಬೇಕಾಗಿ ಬಂದರೆ ಅದನ್ನು ಮಲಬದ್ಧತೆ ಎನ್ನುತ್ತೇವೆ.

ಕುಡಿದ ನೀರು ಎಲ್ಲಿಗೆ ಹೋಗುತ್ತದೆ?

ನಾವು ಕುಡಿಯುವ ನೀರು, ಆಹಾರದಲ್ಲಿರುವ ನೀರು, ಜೊಲ್ಲು, ಜಠರರಸ, ಪಿತ್ತರಸ ಮುಂತಾದವೆಲ್ಲ ಸೇರಿ ದಿನಕ್ಕೆ ಸುಮಾರು 8ರಿಂದ 9 ಲೀಟರ್ ದ್ರವವು ಕರುಳಿಗೆ ಬರುತ್ತದೆ. ಇದರಲ್ಲಿ ಬಹುಭಾಗವನ್ನು ಸಣ್ಣಕರುಳೇ ಹೀರಿ ರಕ್ತಕ್ಕೆ ಸೇರಿಸುತ್ತದೆ. ದೊಡ್ಡಕರುಳನ್ನು ಮುಟ್ಟುವುದು ಸುಮಾರು ಒಂದೂವರೆ ಲೀಟರ್ ಮಾತ್ರ. ದೊಡ್ಡಕರುಳು ಅದರಲ್ಲಿಯೂ ಹೆಚ್ಚಿನದನ್ನು ಹೀರಿಕೊಂಡ ಮೇಲೆ, ಮಲದೊಡನೆ ಹೊರಬೀಳುವ ನೀರು ಒಂದು ಲೋಟಕ್ಕಿಂತ ಹೆಚ್ಚಿರುವುದಿಲ್ಲ.

ಹೀಗಿರುವಾಗ ನೀವು ಇನ್ನೆರಡು ಚೊಂಬು ನೀರು ಕುಡಿದರೆ ಏನಾಗುತ್ತದೆ? ಸಣ್ಣಕರುಳು ಅದನ್ನೂ ಹೀರಿಕೊಳ್ಳುತ್ತದೆ, ಮೂತ್ರಪಿಂಡಗಳು ಅದನ್ನು ಮೂತ್ರವಾಗಿ ಹೊರಹಾಕುತ್ತವೆ. ಮೂತ್ರ ಹೆಚ್ಚುತ್ತದೆ, ಮಲ ಮಾತ್ರ ಮೊದಲಿನಂತೆಯೇ ಗಟ್ಟಿಯಾಗಿರುತ್ತದೆ. ಗೊಬ್ಬರ ಕಾಣದ ಮರಳುನೆಲಕ್ಕೆ ಎಷ್ಟು ನೀರು ಹಾಯಿಸಿದರೂ ಅದು ಇಳಿದುಹೋಗುತ್ತದೆ. ಕೊಟ್ಟಿಗೆ ಗೊಬ್ಬರ ಬಿದ್ದ ಹೊಲವಾದರೆ ತೇವವನ್ನು ಹಿಡಿದಿಡುತ್ತದೆ. ಕರುಳಿನಲ್ಲಿ ಹಾಗೆ ನೀರನ್ನು ಹಿಡಿದಿಡುವ ವಸ್ತುವೇ ಆಹಾರದ ನಾರು.

ನಾರು ಮಾಡುವ ಕೆಲಸ

ಕಾಳಿನ ಸಿಪ್ಪೆ, ಧಾನ್ಯದ ತೌಡು, ಸೊಪ್ಪು, ತರಕಾರಿ, ಹಣ್ಣು ಇವುಗಳಲ್ಲಿರುವ ನಾರನ್ನು ನಮ್ಮ ಜಠರವೂ ಸಣ್ಣಕರುಳೂ ಜೀರ್ಣಿಸಲಾರವು. ಅದು ದೊಡ್ಡಕರುಳಿನವರೆಗೂ ಉಳಿದು ಬರುತ್ತದೆ. ಕೆಲವು ಬಗೆಯ ನಾರು ನೀರಿನಲ್ಲಿ ಉಬ್ಬಿ ಲೋಳೆಯಂತಾಗಿ, ಕರುಳು ಹೀರಲಾಗದಂತೆ ನೀರನ್ನು ಹಿಡಿದಿಡುತ್ತದೆ. ಬೇರೆ ಕೆಲವು ಬಗೆಯದು ದೊಡ್ಡಕರುಳಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಅವು ವೃದ್ಧಿಯಾಗಿ ಮಲದ ಗಾತ್ರವನ್ನು ಹೆಚ್ಚಿಸುತ್ತವೆ. ಗಾತ್ರ ಹೆಚ್ಚಿದ ಮೆತ್ತನೆಯ ಮಲವು ಕರುಳಿನ ಗೋಡೆಯನ್ನು ಹಿಗ್ಗಿಸಿದಾಗ ಕರುಳು ಸಂಕುಚಿಸಿ ಅದನ್ನು ಮುಂದಕ್ಕೆ ತಳ್ಳುತ್ತದೆ.

ನಾರಿಗೂ ನೀರು ಬೇಕು. 1998ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ ಮಲಬದ್ಧತೆಯುಳ್ಳ 117 ಮಂದಿಗೆ ಎರಡು ತಿಂಗಳು ದಿನಕ್ಕೆ ಸುಮಾರು 25 ಗ್ರಾಂ ನಾರುಳ್ಳ ಆಹಾರ ಕೊಡಲಾಯಿತು. ಒಂದು ಗುಂಪಿನವರು ಇಚ್ಛೆಬಂದಷ್ಟು ನೀರು ಕುಡಿದರು. ಅದು ದಿನಕ್ಕೆ ಸುಮಾರು ಒಂದು ಲೀಟರ್ ಆಗಿತ್ತು. ಮತ್ತೊಂದು ಗುಂಪಿನವರು ಸುಮಾರು ಎರಡು ಲೀಟರ್ ಕುಡಿದರು. ಇಬ್ಬರಿಗೂ ಗುಣವಾಯಿತು, ಎರಡನೆಯವರಿಗೆ ಹೆಚ್ಚು ಗುಣವಾಯಿತು.

ಒಂದು ಉದಾಹರಣೆ

ಐದು ತಿಂಗಳ ಗರ್ಭಿಣಿಯೊಬ್ಬರನ್ನು ತೆಗೆದುಕೊಳ್ಳೋಣ. ಗರ್ಭಕಾಲದಲ್ಲಿ ದೇಹದೊಳಗಿನ ರಸಗಳ ಬದಲಾವಣೆಯಿಂದ ಕರುಳಿನ ಚಲನೆ ಸಹಜವಾಗಿಯೇ ನಿಧಾನವಾಗುತ್ತದೆ. ಇದರ ಮೇಲೆ ಕಬ್ಬಿಣಾಂಶದ ಮಾತ್ರೆಯೂ ಮಲವನ್ನು ಗಟ್ಟಿಮಾಡಬಹುದು. ಇವರು ದಿನಕ್ಕೆ ಹತ್ತು ಲೋಟ ನೀರು ಕುಡಿಯುತ್ತಾರೆ, ಮೂತ್ರ ತಿಳಿಯಾಗಿದೆ. ಎಂದರೆ ನೀರಿನ ಕೊರತೆಯಿಲ್ಲ. ಆದರೆ ಮೂರು ಹೊತ್ತೂ ಬಿಳಿ ಅನ್ನ, ತಿಳಿಸಾರು. 300 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ದೊರೆಯುವ ನಾರು 8-9 ಗ್ರಾಂ ಮಾತ್ರ. ಬೇಕಾದುದು 25ರಿಂದ 30 ಗ್ರಾಂ.

ಇವರು ಮಾಡಬೇಕಾದುದು ನೀರನ್ನು ಹೆಚ್ಚಿಸುವುದಲ್ಲ, ಊಟವನ್ನು ಬದಲಿಸುವುದು. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ರಾಗಿಮುದ್ದೆಯಿಂದ ಸುಮಾರು 11 ಗ್ರಾಂ ನಾರು ದೊರೆಯುತ್ತದೆ. ಸಿಪ್ಪೆಸಹಿತ ಹೆಸರುಕಾಳು 50 ಗ್ರಾಂ ಹಾಕಿದ ಸಾರಿನಿಂದ ಸುಮಾರು 8 ಗ್ರಾಂ, ಹಿಡಿಸೊಪ್ಪಿನ ಪಲ್ಯದಿಂದ 4 ಗ್ರಾಂ, ರಾತ್ರಿಯ ಅನ್ನದಿಂದ 4 ಗ್ರಾಂ. ಒಟ್ಟು 27 ಗ್ರಾಂ. ಉತ್ತರದ ಜಿಲ್ಲೆಗಳವರಿಗೆ ಮುದ್ದೆಯ ಬದಲು ಜೋಳದ ರೊಟ್ಟಿ ಹೆಚ್ಚುಕಡಿಮೆ ಅಷ್ಟೇ ನಾರನ್ನು ಕೊಡುತ್ತದೆ. ಸೀಬೆಹಣ್ಣು ಸಿಕ್ಕಿದ ದಿನ ಇನ್ನೂ ಒಳ್ಳೆಯದು.

ಈ ಬದಲಾವಣೆಯನ್ನು ಒಂದೇ ದಿನ ಮಾಡಬಾರದು. ಮಾಡಿದರೆ ಹೊಟ್ಟೆಯುಬ್ಬರ, ವಾಯು ಕಾಣಿಸಿಕೊಂಡು ‘ಇದು ನನಗೆ ಒಗ್ಗದು’ ಎಂದು ಬಿಟ್ಟುಬಿಡುವಂತಾಗುತ್ತದೆ. ಮೊದಲ ವಾರ ಸೊಪ್ಪು, ಎರಡನೆಯ ವಾರ ಕಾಳು, ಮೂರನೆಯ ವಾರ ಮುದ್ದೆ, ಹೀಗೆ ಸೇರಿಸಿಕೊಳ್ಳಿರಿ. ಗುಣ ಕಾಣಲು ಕೆಲವು ವಾರಗಳು ಹಿಡಿಯಬಹುದು. ಮಾತ್ರೆಯನ್ನು ನಿಲ್ಲಿಸಬೇಡಿರಿ. ಅದರಿಂದ ಮಲ ಕಪ್ಪಾಗುವುದು ಸಹಜ.

ನೀರೇ ಸಾಲದಿದ್ದಾಗ

ಬೇಸಿಗೆಯಲ್ಲಿ ಹೊಲದಲ್ಲಿ ದುಡಿದು ಬೆವರು ಸುರಿಸುವವರಿಗೆ, ವಾಂತಿಯಾಗುವವರಿಗೆ ನೀರು ನಿಜವಾಗಿಯೂ ಕಡಿಮೆಯಾಗಬಹುದು. ಆಗ ದೊಡ್ಡಕರುಳು ಮಲದಿಂದ ಇನ್ನಷ್ಟು ನೀರನ್ನು ಹೀರುತ್ತದೆ. ಮೂತ್ರದ ಬಣ್ಣ ಗಾಢ ಹಳದಿಯಾಗಿ ಪ್ರಮಾಣ ಕುಗ್ಗಿದರೆ ಅದೇ ಗುರುತು. ಇಂಥವರಿಗೆ ನೀರು ಖಂಡಿತ ಉಪಯುಕ್ತ. ಮಜ್ಜಿಗೆ, ಅಂಬಲಿ, ಸಾರು ಇವೂ ಲೆಕ್ಕಕ್ಕೆ ಸೇರುತ್ತವೆ. ಮೂತ್ರ ತಿಳಿಯಾದ ಮೇಲೂ ಕುಡಿಯುತ್ತಲೇ ಹೋದರೆ ಮಲಕ್ಕೆ ಹೆಚ್ಚಿನ ಲಾಭವಿಲ್ಲ.

ಇಸಬಗೋಲನ್ನು ಬಳಸುವವರು ಅದನ್ನು ಎಂದೂ ಒಣದಾಗಿ ನುಂಗಬಾರದು. ಅದು ಗಂಟಲಿನಲ್ಲಿಯೇ ಉಬ್ಬಿ ಸಿಕ್ಕಿಕೊಳ್ಳಬಹುದು. ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬೇಕು.

ಮಲವನ್ನು ತಡೆಯುವುದು

ಮಲವು ದೊಡ್ಡಕರುಳಿನಲ್ಲಿ ನಿಂತಷ್ಟೂ ಹೊತ್ತು ಅದರ ನೀರು ಇಂಗುತ್ತಿರುತ್ತದೆ. ಮನೆಯಲ್ಲಿ ಶೌಚಾಲಯವಿಲ್ಲದ ಹೆಂಗಸರು ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ. ಮೂತ್ರಕ್ಕೆ ಹೋಗಬೇಕಾದೀತೆಂದು ನೀರನ್ನೂ ಕಡಿಮೆ ಮಾಡುತ್ತಾರೆ. ಇಂಥ ಮನೆಯಲ್ಲಿ ಪತಿಯಾದವನು ಹೆಂಡತಿಗೆ ‘ನೀರು ಕುಡಿ’ ಎಂದು ಹೇಳಿದರಷ್ಟೇ ಸಾಲದು. ಶೌಚಾಲಯವನ್ನು ಕಟ್ಟಿಸುವುದೂ, ಕಟ್ಟಿದ್ದರೆ ಅದಕ್ಕೆ ನೀರು ಒದಗಿಸುವುದೂ ಚಿಕಿತ್ಸೆಯ ಭಾಗವೇ ಆಗಿದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಡುವಯಸ್ಸಿನ ನಂತರ ಹೊಸದಾಗಿ ಬಂದ ಮಲಬದ್ಧತೆ ಇವುಗಳಿಗೆ ಊಟದ ಬದಲಾವಣೆಯನ್ನೇ ನೆಚ್ಚಿ ಕೂಡಬಾರದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೋಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಹುದಿನಗಳಿಂದ ಮಲ ಕಲ್ಲಿನಂತೆ ಕಟ್ಟಿಕೊಂಡಿದ್ದರೆ ಮೊದಲು ಅದನ್ನು ತೆಗೆಸಬೇಕು. ಅದರ ಮೇಲೆ ನಾರು ತುಂಬಿದರೆ ಬಾಧೆ ಹೆಚ್ಚುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ನೀರನ್ನು ಹೆಚ್ಚಿಸಬಾರದು. ಗರ್ಭಿಣಿಯರು ಭೇದಿಗೆಂದು ಹರಳೆಣ್ಣೆಯನ್ನು ಕುಡಿಯಲೇಬಾರದು. ಅದು ಗರ್ಭಕೋಶವನ್ನು ಕೆರಳಿಸಿ ನೋವು ಬರಿಸಬಹುದು. ಆಹಾರದಿಂದ ಗುಣವಾಗದಿದ್ದಲ್ಲಿ ಗರ್ಭಿಣಿಯರಿಗೆ ಹೊಂದುವ ಔಷಧಿಗಳಿವೆ. ನಿಮ್ಮ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ.