ತೆರಿಗೆ ಈಗಲೋ, ಆಮೇಲೋ?

ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಯಲ್ಲಿ ಪಿಪಿಎಫ್ ಬಗ್ಗೆ ಪಾಠ ಮಾಡುವಾಗ ನಾನು, "ಇದರಲ್ಲಿ ಹಣ ಹಾಕಿದರೆ ತೆರಿಗೆ ಉಳಿಯುತ್ತದೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೆ. ಮರುದಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. "ಸರ್, ಅಬ್ಬ ಒಂದೂವರೆ ಲಕ್ಷ ಹಾಕಿದ್ದಾರೆ. ಅದರಿಂದ ಒಂದು ರೂಪಾಯಿ ತೆರಿಗೆಯೂ ಕಡಿಮೆಯಾಗಿಲ್ಲವಂತೆ." ಅವಳ ತಂದೆಯ ಮಾತು ಸರಿಯಾಗಿತ್ತು. ನನ್ನ ಮಾತೇ ಅರ್ಧ.

ನಿವೃತ್ತಿಗೆಂದು ಕೂಡಿಡುವ ಹಣ ಮೂರು ಬಾಗಿಲು ದಾಟುತ್ತದೆ. ಸಂಬಳದಿಂದ ಯೋಜನೆಯೊಳಗೆ ಹೋಗುವುದು, ಒಳಗೆ ಬಡ್ಡಿ ಸೇರಿ ಬೆಳೆಯುವುದು, ಕೊನೆಗೆ ಕೈಗೆ ಬರುವುದು. ಪ್ರತಿ ಬಾಗಿಲಲ್ಲೂ ಸರ್ಕಾರ ತೆರಿಗೆ ಕೇಳಬಹುದು, ಬಿಡಲೂಬಹುದು. ಬಿಟ್ಟರೆ 'ಇ', ಕೇಳಿದರೆ 'ಟಿ' ಎಂದು ಗುರುತು ಹಾಕುತ್ತಾರೆ. ಮೂರರಲ್ಲೂ ಬಿಟ್ಟರೆ ಇ-ಇ-ಇ. ಮೊದಲೆರಡರಲ್ಲಿ ಬಿಟ್ಟು ಕೊನೆಗೆ ಕೇಳಿದರೆ ಇ-ಇ-ಟಿ. ಇದು ತೆರಿಗೆಯನ್ನು ಮುಂದೂಡುವುದು ಮಾತ್ರ. ಮೊದಲೇ ಕೇಳಿ ಆಮೇಲೆ ಬಿಟ್ಟರೆ ಟಿ-ಇ-ಇ.

ಮುಂದೂಡಿದರೆ ಲಾಭ ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ. ದುಡಿದ 10,000 ರೂಪಾಯಿ ಇದೆ, ತೆರಿಗೆ ದರ ಶೇ. 20, ಹಣ ದುಪ್ಪಟ್ಟಾಗುವವರೆಗೆ ಬಿಡುತ್ತೇವೆ. ಶೇ. 7.1ರ ಬಡ್ಡಿಯಲ್ಲಿ ಅದಕ್ಕೆ ಸುಮಾರು ಹತ್ತು ವರ್ಷ ಬೇಕು. ಟಿ-ಇ-ಇಯಲ್ಲಿ ಮೊದಲೇ 2,000 ಕೊಟ್ಟು 8,000 ಹಾಕುತ್ತೇವೆ, ಅದು 16,000 ಆಗುತ್ತದೆ, ಹಾಗೆಯೇ ಕೈಗೆ ಬರುತ್ತದೆ. ಇ-ಇ-ಟಿಯಲ್ಲಿ ಪೂರ್ತಿ 10,000 ಹಾಕುತ್ತೇವೆ, 20,000 ಆಗುತ್ತದೆ, ಕೊನೆಗೆ 4,000 ತೆರಿಗೆ ಹೋಗಿ ಉಳಿಯುವುದು ಅದೇ 16,000! ಮೊದಲು 0.8ರಿಂದ ಗುಣಿಸಿ ಆಮೇಲೆ 2ರಿಂದ ಗುಣಿಸಿದರೂ, ತಿರುಗಿಸಿ ಗುಣಿಸಿದರೂ ಉತ್ತರ ಒಂದೇ ಅಲ್ಲವೆ?

ಉತ್ತರ ಬದಲಾಗುವುದು ದರ ಬದಲಾದಾಗ. ನಿವೃತ್ತಿಯ ಮೇಲೆ ಆದಾಯ ಇಳಿದು ದರ ಶೇ. 5ಕ್ಕೆ ಬಂದರೆ ಇ-ಇ-ಟಿಯವರಿಗೆ 19,000 ಸಿಗುತ್ತದೆ. ದರ ಶೇ. 30ಕ್ಕೆ ಏರಿದರೆ 14,000 ಮಾತ್ರ. ಇನ್ನು ತೆರಿಗೆ ಕಟ್ಟಿದ 8,000ವನ್ನು ಅದೇ ಬಡ್ಡಿಯ ಸಾಮಾನ್ಯ ಬ್ಯಾಂಕ್ ಠೇವಣಿಯಲ್ಲಿಟ್ಟರೆ, ಬಡ್ಡಿಯ ಮೇಲೂ ವರ್ಷವರ್ಷ ತೆರಿಗೆ ಬೀಳುವುದರಿಂದ ಹತ್ತು ವರ್ಷಕ್ಕೆ ಸುಮಾರು 13,900ಕ್ಕೆ ನಿಲ್ಲುತ್ತದೆ. ಅಂದರೆ ನಡುವಿನ ಬಾಗಿಲ ವಿನಾಯಿತಿಯೇ ಎರಡು ಸಾವಿರಕ್ಕೂ ಹೆಚ್ಚು ಉಳಿಸಿತು. ಜಾಹೀರಾತುಗಳಲ್ಲಿ ಅದರ ಮಾತೇ ಇರುವುದಿಲ್ಲ, ಮೊದಲ ಬಾಗಿಲಿನದೇ ಗದ್ದಲ.

ಈಗ ಆ ಅಬ್ಬನ ವಿಷಯಕ್ಕೆ ಬರುತ್ತೇನೆ. ಪಿಪಿಎಫ್ ಹೆಸರಿಗೆ ಇ-ಇ-ಇ. ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಹಾಕಬಹುದು, ಅವಧಿ 15 ವರ್ಷ. ಆದರೆ ಮೊದಲ 'ಇ' ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ನಾವಾಗಿ ಬೇರೆ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯ, ಅದರಲ್ಲಿ 80ಸಿ ಎಂದು ಹೆಸರಾದ ಆ ಕಡಿತ ಇಲ್ಲ. ಬಡ್ಡಿಗೂ ಕೊನೆಯ ಮೊತ್ತಕ್ಕೂ ವಿನಾಯಿತಿ ಹಾಗೆಯೇ ಇದೆ. ಆದ್ದರಿಂದ ಅವರ ಪಾಲಿಗೆ ಪಿಪಿಎಫ್ ಈಗ ಟಿ-ಇ-ಇ.

"ಹಾಗಾದರೆ ಹಳೆಯದಕ್ಕೆ ಹೋಗಬೇಕಿತ್ತಾ ಸರ್?" ಎಂದಳು. ಸಂಬಳ ವರ್ಷಕ್ಕೆ ಒಂಬತ್ತು ಲಕ್ಷ ಎಂದಿದ್ದಳು, ಕಪ್ಪುಹಲಗೆಯ ಮೇಲೆ 2025-26ರ ಲೆಕ್ಕ ಹಾಕಿದೆವು. ಹಳೆಯ ಪದ್ಧತಿಯಲ್ಲಿ 50,000 ಪ್ರಮಾಣಿತ ಕಡಿತ, ಪಿಪಿಎಫ್‌ನ ಒಂದೂವರೆ ಲಕ್ಷ ಕಳೆದರೆ ಏಳು ಲಕ್ಷ ಉಳಿಯುತ್ತದೆ. ಅದರ ಮೇಲೆ ತೆರಿಗೆ 52,500, ಸೆಸ್ ಸೇರಿ 54,600 ರೂಪಾಯಿ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ, ಅವರದು ಸೊನ್ನೆ. ತೆರಿಗೆಯೇ ಇಲ್ಲದಾಗ ಕಡಿಮೆಯಾಗುವುದಾದರೂ ಎಲ್ಲಿಂದ! ಮೊದಲ ಬಾಗಿಲಲ್ಲಿ ಕಾವಲುಗಾರನಿದ್ದರೂ ಅವರನ್ನು ಏನೂ ಕೇಳಲಿಲ್ಲ. ಅವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಇ-ಇ-ಇಯೇ.

ಹಳೆಯ ಪದ್ಧತಿಯಲ್ಲೇ ಉಳಿದವರು ಜಾರುವ ಒಂದು ಜಾಗವೂ ಇದೆ. 10,000 ಹಾಕಿದಾಗ ಉಳಿದ 2,000 ತೆರಿಗೆಯನ್ನು ಹಬ್ಬದ ಬಟ್ಟೆಗೆ ಖರ್ಚು ಮಾಡಿ, ನಿವೃತ್ತಿಯ ಹೊತ್ತಿಗೆ ಅದು ಅಲ್ಲೇ ಇರಬೇಕೆಂದರೆ ಹೇಗೆ? ಮುಂದೂಡಿದ ತೆರಿಗೆ ನಾವು ತೀರಿಸಬೇಕಾದ ಸಾಲದ ಹಾಗೆ.

ಈ ಮುಂದೂಡಿಕೆ ಕಣ್ಣಿಗೆ ಕಾಣುವುದು ಎನ್‌ಪಿಎಸ್‌ನಲ್ಲಿ. ಅರವತ್ತು ತುಂಬಿ ಹೊರಬರುವಾಗ ಒಟ್ಟು ಮೊತ್ತದಲ್ಲಿ ಶೇ. 60ರಷ್ಟನ್ನು ಒಮ್ಮೆಗೇ ತೆಗೆದರೆ ತೆರಿಗೆ ಇಲ್ಲ. ಪಿಂಚಣಿ ಕೊಳ್ಳಲು ತೊಡಗಿಸಿದ ಭಾಗಕ್ಕೆ ಆ ದಿನ ತೆರಿಗೆ ಇಲ್ಲದಿದ್ದರೂ, ತಿಂಗಳು ತಿಂಗಳು ಬರುವ ಪಿಂಚಣಿಯನ್ನು ಆಯಾ ವರ್ಷದ ಆದಾಯಕ್ಕೆ ಸೇರಿಸಿ ಲೆಕ್ಕ ಹಾಕುತ್ತಾರೆ. ಒಂದೇ ಖಾತೆಯ ಒಂದು ಭಾಗ ಇ-ಇ-ಇ, ಇನ್ನೊಂದು ಇ-ಇ-ಟಿ. ಮಾಲೀಕರು ಹಾಕುವ ಪಾಲಿಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 14ರವರೆಗೆ, ಹೊಸ ಪದ್ಧತಿಯಲ್ಲೂ ಮೊದಲ ಬಾಗಿಲ ಕಡಿತ ಉಂಟು. ಅಬ್ಬನ ಸಂಬಳ ಚೀಟಿಯಲ್ಲಿ ಆ ಸಾಲು ಇದೆಯೇ ಎಂದು ನೋಡಿಬರುತ್ತೇನೆಂದು ಹೇಳಿ ಅವಳು ಕುಳಿತಳು.