ತಾಳಕ್ಕೆ ಚಿತ್ರ, ಮಾತಿಗೆ ಬಿಡುವು



ಸಂಘದ ಪ್ರಕಟಣೆಗಳನ್ನು ಕಿರು ವಿಡಿಯೋ ಮಾಡಿ ಫೋನಿನಲ್ಲಿ ಹಂಚುವ ರೂಢಿ ಈಗ ನಮ್ಮಲ್ಲಿಯೂ ಬಂದಿದೆ. ಹಿನ್ನೆಲೆಯಲ್ಲಿ ವಾದ್ಯಸಂಗೀತ, ಅದರ ಮೇಲೆ ಒಬ್ಬರ ಮಾತು, ತಾಳದ ಪೆಟ್ಟಿಗೆ ಸರಿಯಾಗಿ ಬದಲಾಗುವ ಚಿತ್ರ. ನೋಡುವುದಕ್ಕೆ ಇದು ಚೆನ್ನ. ಆದರೆ ಪೆಟ್ಟಿಗೆ ಹೊಂದಿಸುವ ಆತುರದಲ್ಲಿ ಮಾತಿನ ತುದಿ ಕತ್ತರಿಗೆ ಸಿಕ್ಕಿತೆಂದರೆ ಪ್ರಕಟಣೆಯ ಅರ್ಥವೇ ಬೇರೆಯಾದೀತು. ಇದನ್ನು ತಪ್ಪಿಸುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹೌದು, ಅಲ್ಲ ಎಂಬುದು ತಿಳಿಯುವುದೂ ಅಲ್ಲಿಯೇ. “ಶುಲ್ಕ ಕೊಡಬೇಕಾಗಿಲ್ಲ” ಎಂಬ ಮಾತಿನಲ್ಲಿ ಕೊನೆಯ “ಇಲ್ಲ” ಹೋದರೆ, ಶುಲ್ಕ ಕೊಡಬೇಕೆಂದೇ ಕೇಳಿಸುತ್ತದೆ. ಊರಿಗೆ ಹೊಸದಾಗಿ ಬಂದ ಕೆಲಸಗಾರನು ಅದನ್ನು ಕೇಳಿ ವಾಚನಾಲಯದ ಬಾಗಿಲಿಗೇ ಬಾರದೆ ಹೋಗಬಹುದು. ಆದುದರಿಂದ ಮೊದಲು ಮಾತನ್ನು ಇಟ್ಟು, ಅನಂತರ ತಾಳವನ್ನು ಅದಕ್ಕೆ ಕೂಡಿಸತಕ್ಕದ್ದು.

ನಮ್ಮ ಸಂಗೀತವು ನಿಮಿಷಕ್ಕೆ 100 ಪೆಟ್ಟಿನದು ಎಂದು ಇಟ್ಟುಕೊಳ್ಳೋಣ. ಹಾಗಾದರೆ ಪೆಟ್ಟಿನಿಂದ ಪೆಟ್ಟಿಗೆ 0.6 ಸೆಕೆಂಡು. ನಾಲ್ಕು ಪೆಟ್ಟಿಗೊಂದು ಸುತ್ತು ಎಂದರೆ ಸುತ್ತಿಗೆ 2.4 ಸೆಕೆಂಡು. ಹೊಸ ಸುತ್ತುಗಳು 2.4, 4.8, 7.2, 9.6 ಸೆಕೆಂಡಿಗೆ ಆರಂಭವಾಗುತ್ತವೆ. ಸಂಕಲನದ ಪಟ್ಟಿಯ ಮೇಲೆ ಈ ಜಾಗಗಳಿಗೆ ಗುರುತು ಹಾಕಿಕೊಳ್ಳಬೇಕು. ಪ್ರತಿ ಪೆಟ್ಟಿಗೂ ಚಿತ್ರ ಬದಲಿಸಿದರೆ ಕೇಳುವವನ ಗಮನ ಚಿತ್ರದ ಹಿಂದೆ ಓಡುತ್ತದೆ. ಮಾತಿರುವಲ್ಲಿ ಸುತ್ತಿನ ಮೊದಲ ಪೆಟ್ಟು ಸಾಕು.

ಮೊದಲ ವಾಕ್ಯ: “ವಾಚನಾಲಯ ಸಂಜೆ ಆರರಿಂದ ಒಂಬತ್ತರ ತನಕ ತೆರೆದಿರುತ್ತದೆ.” ಇದು 4.3 ಸೆಕೆಂಡಿಗೆ ಮುಗಿಯಿತು. 4.8ಕ್ಕೆ ಬಾಗಿಲಿನ ಚಿತ್ರ ಹೋಗಿ ಪತ್ರಿಕೆಗಳ ಮೇಜು ಬಂದಿತು. ಎರಡನೆಯದು: “ಒಳಗೆ ಬರಲು ಶುಲ್ಕ ಕೊಡಬೇಕಾಗಿಲ್ಲ.” ಇದು 5.0ಕ್ಕೆ ಆರಂಭವಾಗಿ 7.4ಕ್ಕೆ ಮುಗಿಯುತ್ತದೆ. 7.2ರ ಪೆಟ್ಟು ಸರಿಯಾಗಿ “ಇಲ್ಲ” ಎಂಬುದರ ಮೇಲೆಯೇ ಬಿದ್ದಿತು!

ಇಲ್ಲಿ ಮಾತನ್ನು 7.2ಕ್ಕೆ ಕತ್ತರಿಸಬಾರದು. ಎರಡು ವಾಕ್ಯಗಳ ನಡುವೆ 0.7 ಸೆಕೆಂಡು ಬಿಡುವಿದೆಯಷ್ಟೆ. ಅದರಲ್ಲಿ 0.2 ತೆಗೆದರೆ ಎರಡನೆಯ ವಾಕ್ಯ 4.8ಕ್ಕೆ ಆರಂಭವಾಗಿ 7.2ಕ್ಕೆ ಮುಗಿಯುತ್ತದೆ, ಪೆಟ್ಟು ಮಾತಿನ ಬೆನ್ನಿಗೇ ಬೀಳುತ್ತದೆ. ಉಳಿದ ಅರ್ಧ ಸೆಕೆಂಡು ಉಸಿರಿಗೆ ಸಾಕು. ಬಿಡುವನ್ನು 0.3ಕ್ಕಿಂತ ಕಡಿಮೆ ಮಾಡಿದರೆ ವಾಕ್ಯಗಳು ಒಂದಕ್ಕೊಂದು ಅಂಟಿಕೊಂಡಂತೆ ಕೇಳಿಸುತ್ತವೆ.

ಬಿಡುವು ಮೊದಲೇ ಚಿಕ್ಕದಾಗಿದ್ದರೆ ಎರಡನೆಯ ಉಪಾಯವಿದೆ. ಧ್ವನಿಯನ್ನು ಚಿತ್ರದಿಂದ ಬೇರ್ಪಡಿಸಿ, ಚಿತ್ರವನ್ನು ಮಾತ್ರ 7.2ಕ್ಕೆ ಬದಲಿಸಿ, ಮಾತು ಹೊಸ ಚಿತ್ರದ ಮೇಲೆ 7.4ರ ತನಕ ಹರಿಯಲು ಬಿಡುವುದು. ಆಗ ಎರಡು ಎಚ್ಚರಿಕೆ ಬೇಕು. ಹೊಸ ಚಿತ್ರದಲ್ಲಿ ಯಾರೂ ಬಾಯಿ ಆಡಿಸುತ್ತಿರಬಾರದು. ಕಪಾಟು, ಮೇಜು, ನಾಮಫಲಕ ಇಂಥವು ಒಳ್ಳೆಯವು. ಅಲ್ಲದೆ ಪೆಟ್ಟು “ಇಲ್ಲ”ವನ್ನು ನುಂಗದಂತೆ, ಮಾತು ಪೂರ್ತಿ ಮುಗಿಯುವ ತನಕ ಸಂಗೀತವನ್ನು ತಗ್ಗಿಸಿಯೇ ಇಡಬೇಕು. ಮಾತಿಗಿಂತ ಸುಮಾರು 15 ಡೆಸಿಬೆಲ್ ಕೆಳಗೆ ಇಟ್ಟು ಆರಂಭಿಸಿ, ಕಿವಿ ಹೇಳಿದಂತೆ ತಿದ್ದಿಕೊಳ್ಳಬಹುದು. ಗಿರಣಿಯ ಮಗ್ಗಗಳ ನಡುವೆ ನಿಂತು ಮಾತಾಡಿದವರಿಗೆ ತಿಳಿದೇ ಇದೆ: ಸದ್ದಿನಲ್ಲಿ ಮೊದಲು ಅಳಿಸಿಹೋಗುವವು ವ್ಯಂಜನಗಳು.

ಕತ್ತರಿ ಹಾಕುವಾಗ ಇನ್ನೊಂದು ಮೋಸವುಂಟು. ಪರದೆಯ ಮೇಲೆ ಧ್ವನಿಯು ಅಲೆಯಂತೆ ಕಾಣುತ್ತದೆ. ಅಲೆ ಚಪ್ಪಟೆಯಾದಲ್ಲಿ ಮಾತು ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ “ಹತ್ತು”, “ಪಕ್ಕ”, “ಅಪ್ಪ” ಮುಂತಾದ ಒತ್ತಕ್ಷರಗಳನ್ನು ನುಡಿಯುವಾಗ ಬಾಯಿ ಕ್ಷಣಕಾಲ ಮುಚ್ಚಿಕೊಂಡು ಅನಂತರ ತೆರೆಯುತ್ತದೆ. ಆ ಮೌನವೂ ಅಕ್ಷರದ ಭಾಗವೇ. ಅಲ್ಲಿ ಕತ್ತರಿಸಿದರೆ “ಹತ್ತು” ಎಂಬುದರಲ್ಲಿ “ಹ” ಮಾತ್ರ ಉಳಿಯುತ್ತದೆ. ಆದುದರಿಂದ ಅಲೆಯನ್ನಷ್ಟೇ ನಂಬದೆ, ಕತ್ತರಿಸುವ ಜಾಗದ ಆಚೆ ಅರ್ಧ ಸೆಕೆಂಡಿನಷ್ಟನ್ನು ಕೇಳಿ ನೋಡಿಯೇ ಮುಂದುವರಿಯಬೇಕು.

ಕೆಲಸ ಮುಗಿದ ಮೇಲೆ ಎರಡು ಪರೀಕ್ಷೆ. ಕಣ್ಣು ಮುಚ್ಚಿಕೊಂಡು ಫೋನಿನ ಸ್ವಂತ ಧ್ವನಿಯಲ್ಲಿ ಕೇಳುವುದು ಒಂದು. ಮಾತನ್ನು ಮೊದಲೇ ಬಲ್ಲ ನಮ್ಮ ಕಿವಿ ಇಲ್ಲದ ಅಕ್ಷರವನ್ನೂ ತುಂಬಿಕೊಳ್ಳುತ್ತದೆ; ಆದ್ದರಿಂದ ಪ್ರಕಟಣೆಯನ್ನು ಓದಿಲ್ಲದ ಒಬ್ಬರಿಗೆ ಒಂದೇ ಸಲ ಕೇಳಿಸಿ, ಕೇಳಿದ್ದನ್ನು ಬರೆದುಕೊಡಲು ಹೇಳುವುದು ಇನ್ನೊಂದು. ಅವರ ಚೀಟಿಯಲ್ಲಿ ಹೊತ್ತೂ “ಕೊಡಬೇಕಾಗಿಲ್ಲ”ವೂ ಸರಿಯಾಗಿ ಬಂದಿದ್ದರೆ ವಿಡಿಯೋ ಹಂಚಲು ಸಿದ್ಧವಾಯಿತೆಂದು ತಿಳಿಯಬಹುದು.